ಫಸಲಿಲ್ಲದ ವರ್ಷಗಳ ಲೆಕ್ಕ: ಹೊಸ ಅಡಿಕೆ ತೋಟಕ್ಕೆ ನಗದು ಹರಿವಿನ ಮುಂಗಾಣ್ಕೆ ತಯಾರಿಸುವ ಕ್ರಮ

ದಾವಣಗೆರೆ, ಚಿತ್ರದುರ್ಗ ಮತ್ತು ಶಿವಮೊಗ್ಗ ಜಿಲ್ಲೆಗಳ ಬಯಲು ಭಾಗದಲ್ಲಿ ಮೆಕ್ಕೆಜೋಳದ ಹೊಲಗಳು ವರ್ಷದಿಂದ ವರ್ಷಕ್ಕೆ ಅಡಿಕೆ ತೋಟಗಳಾಗುತ್ತಿವೆ. ಸಸಿ ನೆಡುವ ಮುನ್ನ ಹೆಚ್ಚಿನವರು ಮಾಡುವ ಲೆಕ್ಕದಲ್ಲಿ ಎರಡೇ ಅಂಕಿಗಳಿರುತ್ತವೆ: ತೋಟ ಕಟ್ಟಲು ತಗಲುವ ಖರ್ಚು, ಮತ್ತು ತೋಟ ಪೂರ್ಣ ಫಸಲಿಗೆ ಬಂದಾಗ ಎಕರೆಗೆ ಸಿಗುವ ಆದಾಯ. ಇವೆರಡೂ ಸರಿಯಾಗಿದ್ದರೂ ನಡುವಿನ ವರ್ಷಗಳಲ್ಲಿ ಕೈಯಲ್ಲಿ ಹಣವಿಲ್ಲದೆ ಗೊಬ್ಬರ ನಿಲ್ಲಿಸಿದ, ಸಾಲದ ಕಂತಿಗಾಗಿ ಬೇರೆ ಸಾಲ ಮಾಡಿದ ತೋಟಗಳಿವೆ. ಆದ್ದರಿಂದ ಮುಂಗಾಣ್ಕೆ ಉತ್ತರಿಸಬೇಕಾದ ಮೊದಲ ಪ್ರಶ್ನೆ ಲಾಭ ಎಷ್ಟು ಎಂಬುದಲ್ಲ. ಕೈಯಿಂದ ಹಾಕಿದ ಹಣ ಯಾವ ವರ್ಷದಲ್ಲಿ ಅತಿ ಹೆಚ್ಚಾಗಿರುತ್ತದೆ, ಆ ಮೊತ್ತ ಎಷ್ಟು ಎಂಬುದು. ಈ ಲೇಖನದಲ್ಲಿ ಆ ಹಂತವನ್ನು ‘ತಳ’ ಎಂದು ಕರೆಯುತ್ತೇನೆ.

ಉದಾಹರಣೆಗಾಗಿ ಚನ್ನಗಿರಿ ತಾಲ್ಲೂಕಿನಂಥ ಕಡೆಯ, ಈಗಾಗಲೇ ಕೊಳವೆಬಾವಿ ಇರುವ ಎರಡು ಎಕರೆ ಜಮೀನನ್ನು ತೆಗೆದುಕೊಳ್ಳೋಣ. ಇಲ್ಲಿನ ರೂಪಾಯಿ ಅಂಕಿಗಳು ಕ್ರಮವನ್ನು ತೋರಿಸಲು ಹಿಡಿದವು. ನಿಮ್ಮ ಊರಿನ ಕೂಲಿ, ಸಸಿಯ ಬೆಲೆ ಮತ್ತು ಗೊಬ್ಬರದ ದರಗಳನ್ನು ಹಾಕಿ ಅವನ್ನು ಬದಲಿಸಿಕೊಳ್ಳಬೇಕು.

ವರ್ಷ ಮತ್ತು ಗಿಡಗಳನ್ನು ಮೊದಲು ನಿಗದಿಪಡಿಸಿ

ಮುಂಗಾರಿನಲ್ಲಿ ನೆಡುವ ತೋಟಕ್ಕೆ ಜೂನ್‌ನಿಂದ ಮೇ ತಿಂಗಳವರೆಗಿನ ಅವಧಿಯನ್ನು ಒಂದು ವರ್ಷವೆಂದು ಹಿಡಿಯುವುದು ಅನುಕೂಲ, ಏಕೆಂದರೆ ಒಂದು ಕೊಯ್ಲಿನ ಖರ್ಚು ಮತ್ತು ಅದರ ಮಾರಾಟ ಎರಡೂ ಆಗ ಒಂದೇ ಸಾಲಿನಲ್ಲಿ ಬೀಳುತ್ತವೆ. ನೆಟ್ಟ ವರ್ಷವೇ ಮೊದಲನೆಯ ವರ್ಷ.

ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ಒಂದು ಎಕರೆಗೆ 538 ಗಿಡಗಳು ಲೆಕ್ಕಕ್ಕೆ ಬರುತ್ತವೆ. ದಾರಿ, ಬಸಿಗಾಲುವೆ ಮತ್ತು ಬದುಗಳ ಜಾಗ ಕಳೆದರೆ ಸುಮಾರು 500 ಉಳಿಯುತ್ತವೆ. ಹಾಗಾಗಿ ಎರಡು ಎಕರೆಗೆ 1,000 ಗಿಡ ಎಂದು ಹಿಡಿದು, ಸತ್ತ ಸಸಿಗಳ ಜಾಗ ತುಂಬಲು ಇನ್ನೂ 100 ಸಸಿಗಳನ್ನು ಸೇರಿಸಿ ಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಎಕರೆಯ ಬದಲು ಗಿಡದ ಮೇಲೆ ನಿಂತರೆ ಒಳ್ಳೆಯದು. ಗಿಡವನ್ನು ತೋಟಕ್ಕೆ ಹೋಗಿ ಎಣಿಸಬಹುದು, ಎಕರೆಯ ಸರಾಸರಿಯನ್ನು ಹಾಗೆ ಪರೀಕ್ಷಿಸಲಾಗದು.

ಹೊರಹೋಗುವ ಹಣವನ್ನು ವರ್ಷವಾರು ಬರೆಯಿರಿ

ಮೊದಲ ವರ್ಷದ ಖರ್ಚನ್ನು ಎಲ್ಲರೂ ಎಚ್ಚರಿಕೆಯಿಂದ ಬರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ನೆಲ ಹದ ಮಾಡಿ ಬಸಿಗಾಲುವೆ ತೆಗೆಯಲು 40,000, ಗುಣಿಗೆ 30,000, ಸಸಿಗೆ 44,000, ಬಾಳೆ ಕಂದು ಮತ್ತು ಅದರ ನಾಟಿಗೆ 25,000, ಹನಿ ನೀರಾವರಿಗೆ 1,10,000, ಬೇಲಿಗೆ 50,000, ಗೊಬ್ಬರಕ್ಕೆ 45,000, ಕೂಲಿ ಮತ್ತು ಇತರೆಗೆ 56,000 ಸೇರಿ ಒಟ್ಟು 4,00,000 ರೂಪಾಯಿ ಆಗುತ್ತದೆ. ಹನಿ ನೀರಾವರಿಗೆ ಸಹಾಯಧನ ಸಿಗಬಹುದು. ಆದರೆ ಮಂಜೂರಾತಿ ಕೈಗೆ ಬರುವವರೆಗೆ ಅದನ್ನು ಸೊನ್ನೆ ಎಂದೇ ಬರೆಯಿರಿ. ಬಂದ ಮೇಲೆ, ಬಂದ ವರ್ಷದ ಸಾಲಿನಲ್ಲಿ ಸೇರಿಸಿ.

ತಪ್ಪು ಹೆಚ್ಚಾಗಿ ನಡೆಯುವುದು ಎರಡರಿಂದ ಐದನೆಯ ವರ್ಷದವರೆಗಿನ ಸಾಲುಗಳಲ್ಲಿ. ಗಿಡ ಒಮ್ಮೆ ಬೇರೂರಿದ ಮೇಲೆ ಖರ್ಚು ಇಳಿಯುತ್ತದೆ ಎಂಬ ಭಾವನೆಯಿಂದ ಇಲ್ಲಿ ಸಣ್ಣದೊಂದು ಅಂಕಿಯನ್ನು ಹಾಕಿ ಮುಂದೆ ಸಾಗುವುದು ವಾಡಿಕೆ. ಗಿಡದ ಬೇಡಿಕೆ ಇದಕ್ಕೆ ವಿರುದ್ಧವಾಗಿದೆ. ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ ಮತ್ತು 140 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಇದರ ಮೂರನೇ ಒಂದು ಭಾಗವನ್ನು ಮೊದಲ ವರ್ಷ, ಮೂರನೇ ಎರಡು ಭಾಗವನ್ನು ಎರಡನೇ ವರ್ಷ ಕೊಟ್ಟು, ಮೂರನೇ ವರ್ಷದಿಂದ ಪೂರ್ಣ ಪ್ರಮಾಣ ಕೊಡಬೇಕು. ಅಂದರೆ ಒಂದು ಕಾಯಿಯೂ ಇಲ್ಲದ ಮೂರು, ನಾಲ್ಕು ಮತ್ತು ಐದನೆಯ ವರ್ಷಗಳಲ್ಲಿ ಗೊಬ್ಬರದ ಖರ್ಚು ಫಸಲಿನ ತೋಟದಷ್ಟೇ ಇರುತ್ತದೆ. ಬೇಸಿಗೆಯ ನೀರು, ಕಳೆ ಮತ್ತು ಬಸಿಗಾಲುವೆಯ ಕೆಲಸವೂ ನಿಲ್ಲುವುದಿಲ್ಲ. ಈ ವರ್ಷಗಳಲ್ಲಿ ಗೊಬ್ಬರಕ್ಕೆ ಹಣ ಸಾಲದೆ ಹೋದರೆ ಅದರ ಫಲ ಆ ವರ್ಷ ಕಾಣುವುದಿಲ್ಲ. ಎರಡು-ಮೂರು ವರ್ಷ ಕಳೆದ ಮೇಲೆ ಹೊಂಬಾಳೆ ತಡವಾಗಿ, ಅರ್ಧಂಬರ್ಧ ಗಿಡಗಳಲ್ಲಿ ಮಾತ್ರ ಬಂದಾಗ ಕಾಣುತ್ತದೆ.

ಬಾಳೆಯ ನಿರ್ವಹಣೆಯೂ ಸೇರಿ ಎರಡನೇ ವರ್ಷಕ್ಕೆ 1,30,000, ಮೂರನೆಯದಕ್ಕೆ 1,50,000, ನಾಲ್ಕನೆಯದಕ್ಕೆ 1,35,000, ಬಾಳೆ ತೆಗೆದ ಐದನೆಯದಕ್ಕೆ 1,30,000 ಎಂದು ಹಿಡಿಯೋಣ. ಮನೆಯವರೇ ಮಾಡುವ ಕೆಲಸವನ್ನು ನಗದು ಲೆಕ್ಕಕ್ಕೆ ಸೇರಿಸಬೇಕಿಲ್ಲ. ಆದರೆ ಆ ಕೆಲಸಕ್ಕಾಗಿ ಯಾರಾದರೂ ಹೊರಗಿನ ಕೂಲಿಯನ್ನೋ ಸಂಬಳವನ್ನೋ ಬಿಟ್ಟಿದ್ದರೆ, ಬಿಟ್ಟ ಹಣವನ್ನು ಬರೆಯಲೇಬೇಕು.

ಬಾಳೆಯ ಹಣವನ್ನು ಬೇರೆ ಸಾಲಿನಲ್ಲಿಡಿ

ಎಳೆಯ ಅಡಿಕೆ ಸಸಿ ಬಿಸಿಲಿನ ಝಳವನ್ನು, ಅದರಲ್ಲೂ ನೈಋತ್ಯದ ಇಳಿಬಿಸಿಲನ್ನು ತಡೆಯದು. ನೆರಳಿಗೆಂದು ನಡುವೆ ಬಾಳೆ ಹಾಕುತ್ತಾರೆ, ಅದೇ ಬಾಳೆ ಫಸಲಿಲ್ಲದ ವರ್ಷಗಳ ಏಕೈಕ ಆದಾಯವೂ ಆಗುತ್ತದೆ. 1,000 ಏಲಕ್ಕಿ ಬಾಳೆಯಲ್ಲಿ ಎರಡನೇ ವರ್ಷ 800 ಗೊನೆ ಸಿಕ್ಕಿ, ಗೊನೆಗೆ ಸರಾಸರಿ 200 ರೂಪಾಯಿಯಂತೆ 1,60,000 ಬರುತ್ತದೆ ಎಂದುಕೊಳ್ಳೋಣ. ಮೂರನೇ ವರ್ಷದ ಮರಿ ಬೆಳೆಯಲ್ಲಿ 600 ಗೊನೆ, 180 ರೂಪಾಯಿಯಂತೆ 1,08,000. ನಾಲ್ಕನೇ ವರ್ಷ ಅಡಿಕೆಗೆ ಬೆಳಕು ಬೇಕಾದ್ದರಿಂದ ಬಾಳೆಯನ್ನು ಕಡಿಮೆ ಮಾಡುತ್ತಾ ಬರಬೇಕು. 300 ಗೊನೆಗೆ 54,000. ಐದನೇ ವರ್ಷ ಸೊನ್ನೆ.

ಇಲ್ಲಿ ಒಂದು ಆಕರ್ಷಣೆ ಇದೆ. ಬಾಳೆಯ ಆದಾಯ ಬರುತ್ತಿರುವಾಗ ಅದನ್ನು ಇನ್ನೊಂದೆರಡು ವರ್ಷ ಹಾಗೆಯೇ ದಟ್ಟವಾಗಿ ಬಿಡೋಣ ಎನ್ನಿಸುತ್ತದೆ, ಮುಂಗಾಣ್ಕೆಯ ಹಾಳೆಯಲ್ಲೂ ಆ ಸಾಲು ಚೆನ್ನಾಗಿ ಕಾಣುತ್ತದೆ. ಹಾಗೆ ಬರೆದರೆ ಅಡಿಕೆಯ ಮೊದಲ ಫಸಲನ್ನು ಮುಂದಕ್ಕೆ ತಳ್ಳಿ ಬರೆಯುವುದೂ ನ್ಯಾಯ. ನೆರಳು ಮತ್ತು ಆಹಾರದ ಪೈಪೋಟಿಯಲ್ಲಿ ಬೆಳೆದ ಅಡಿಕೆ ತನ್ನ ವೇಳೆಗೆ ಹೊಂಬಾಳೆ ಬಿಡುವುದಿಲ್ಲ.

ಫಸಲನ್ನು ಗಿಡದಿಂದ ಮೇಲಕ್ಕೆ ಕಟ್ಟಿ

‘ಆರನೇ ವರ್ಷದಿಂದ ಎಕರೆಗೆ ಎಂಟು ಕ್ವಿಂಟಲ್’ ಎಂದು ಒಂದೇ ನೆಗೆತದಲ್ಲಿ ಬರೆಯುವುದು ಇಂಥ ಲೆಕ್ಕಗಳ ಅತಿ ದೊಡ್ಡ ದೋಷ. ಚೆನ್ನಾಗಿ ಸಾಕಿದ ತೋಟದಲ್ಲಿ ಅಡಿಕೆ ಐದನೆಯ ವರ್ಷದ ನಂತರ ಫಸಲಿಗೆ ತೊಡಗಿದರೂ ಎಲ್ಲ ಮರಗಳೂ ಒಟ್ಟಿಗೆ ತೊಡಗುವುದಿಲ್ಲ, ತೊಡಗಿದ ಮರವೂ ಮೊದಲ ವರ್ಷ ಪೂರ್ಣ ಗೊನೆ ಕೊಡುವುದಿಲ್ಲ. ಇಳುವರಿ ನೆಲೆಗೊಳ್ಳಲು ಸುಮಾರು ಹತ್ತು ವರ್ಷ ಬೇಕು.

ಆರನೇ ವರ್ಷದ ಲೆಕ್ಕವನ್ನು ಹೀಗೆ ಕಟ್ಟಬಹುದು. 1,000 ಮರಗಳಲ್ಲಿ 400 ಫಸಲಿಗೆ ಬಂದಿವೆ, ಮರಕ್ಕೆ ಎರಡು ಗೊನೆ, ಎಳೆಯ ಮರದ ಗೊನೆ ಮೂರು ಕಿಲೋ ಎಂದರೆ 2,400 ಕಿಲೋ ಹಸಿ ಅಡಿಕೆ. ಒಂದು ಕ್ವಿಂಟಲ್ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ ಹನ್ನೆರಡೂವರೆ ಕಿಲೋ ಕೆಂಪಡಿಕೆ ಸಿಗುತ್ತದೆ ಎಂದು ಹಿಡಿದರೆ ಒಟ್ಟು 300 ಕಿಲೋ, ಅಂದರೆ ಮೂರು ಕ್ವಿಂಟಲ್ ಆಯಿತು. ಈ ಒಣ ಪ್ರಮಾಣ ತೋಟ, ತಳಿ ಮತ್ತು ಕೊಯ್ಲಿನ ಹದವನ್ನು ಅವಲಂಬಿಸಿ ಏರಿಳಿಯುತ್ತದೆ. ಮರದಲ್ಲಿರುವ ಫಸಲನ್ನೇ ಗುತ್ತಿಗೆಗೆ ಹಿಡಿಯುವ ಖೇಣಿದಾರರು ಚೌಕಾಸಿ ಮಾಡುವುದೂ ಇದರ ಮೇಲೆಯೇ, ಆದ್ದರಿಂದ ಅಕ್ಕಪಕ್ಕದ ತೋಟದವರಿಗೆ ಎಷ್ಟು ಬೀಳುತ್ತಿದೆ ಎಂದು ಕೇಳಿ ಬರೆಯಿರಿ. ಇದೇ ರೀತಿ ಏಳನೇ ವರ್ಷಕ್ಕೆ 6, ಎಂಟಕ್ಕೆ 10, ಒಂಬತ್ತಕ್ಕೆ 14, ಹತ್ತಕ್ಕೆ 16 ಕ್ವಿಂಟಲ್ ಎಂದು ಇಡೋಣ.

ದರಕ್ಕೆ ಮಂಡಿಯ ಇಂದಿನ ಅಂಕಿಯನ್ನು ಹಾಕಬೇಡಿ. 2014ರಲ್ಲಿ ತೀರಾ ಮೇಲಕ್ಕೆ ಏರಿದ್ದ, ಕೆಂಪಡಿಕೆಯ ದರ್ಜೆಯಾದ ರಾಶಿ ಇಡಿಯ ದರ ಮುಂದಿನ ಎರಡು ವರ್ಷಗಳೊಳಗೆ ಅರ್ಧಕ್ಕಿಂತಲೂ ಕೆಳಗಿಳಿದದ್ದು ಬೆಳೆಗಾರರಿಗೆ ನೆನಪಿದೆ. ನೀವು ಮಾರುವುದು ಆರು ವರ್ಷದ ನಂತರ. ಈಚಿನ ವರ್ಷಗಳಲ್ಲಿ ಮಾರುಕಟ್ಟೆ ಇದಕ್ಕಿಂತ ಮೇಲಿದ್ದರೂ ನಾನು ಇಲ್ಲಿ ಕ್ವಿಂಟಲ್‌ಗೆ 40,000 ಹಿಡಿದು, ಕೊಯ್ಲು, ಸುಲಿತ, ಬೇಯಿಸುವಿಕೆ, ಒಣಗಿಸುವಿಕೆ ಮತ್ತು ಸಾಗಣೆಗೆ 8,000 ಕಳೆದು, ಕೈಗೆ 32,000 ಎಂದು ಬರೆದಿದ್ದೇನೆ.

ಹಾಳೆಯನ್ನು ಜೋಡಿಸಿ, ತಳವನ್ನು ಹುಡುಕಿ

ಗಣಕದ ಹಾಳೆಯಲ್ಲಿ A ಕಂಬದಲ್ಲಿ ವರ್ಷ, B ಯಲ್ಲಿ ಹೋದ ಹಣ, C ಯಲ್ಲಿ ಬಂದ ಹಣ, D ಯಲ್ಲಿ ನಿವ್ವಳ, E ಯಲ್ಲಿ ಅಲ್ಲಿಯವರೆಗಿನ ಒಟ್ಟು ಇರಲಿ. ಎರಡನೇ ಸಾಲಿನಿಂದ ಆರಂಭಿಸಿ, ಸೂತ್ರಗಳು ಹೀಗೆ:

```
D2:  =C2-B2
E2:  =D2
D3:  =C3-B3
E3:  =E2+D3
E13: =MIN(E2:E11)
```

D3 ಮತ್ತು E3 ಯನ್ನು ಕೆಳಗಿನ ಸಾಲುಗಳಿಗೆ ಎಳೆದರೆ ಸಾಕು. E13 ರಲ್ಲಿ ಬರುವುದೇ ತಳ. ನಮ್ಮ ತೋಟದ ಅಂಕಿಗಳು, ಸಾವಿರ ರೂಪಾಯಿಗಳಲ್ಲಿ:

| ವರ್ಷ | ಹೋದದ್ದು | ಬಂದದ್ದು | ನಿವ್ವಳ | ಈವರೆಗಿನ ಒಟ್ಟು |
|---|---|---|---|---|
| 1 | 400 | 0 | −400 | −400 |
| 2 | 130 | 160 | 30 | −370 |
| 3 | 150 | 108 | −42 | −412 |
| 4 | 135 | 54 | −81 | −493 |
| 5 | 130 | 0 | −130 | −623 |
| 6 | 140 | 96 | −44 | −667 |
| 7 | 150 | 192 | 42 | −625 |
| 8 | 160 | 320 | 160 | −465 |
| 9 | 160 | 448 | 288 | −177 |
| 10 | 160 | 512 | 352 | 175 |

ಕೊನೆಯ ಕಂಬವನ್ನು ನಿಧಾನವಾಗಿ ಓದಬೇಕು. ನಾಲ್ಕು ಲಕ್ಷದಲ್ಲಿ ತೋಟ ಕಟ್ಟಿದೆವು ಎಂದುಕೊಂಡವರಿಗೆ ನಿಜವಾಗಿ ಬೇಕಾಗುವುದು 6,67,000. ಅದಕ್ಕಿಂತಲೂ ಗಮನಿಸಬೇಕಾದದ್ದು ತಳ ಬೀಳುವ ವರ್ಷ: ಅದು ಐದನೆಯದಲ್ಲ, ಮೊದಲ ಕೊಯ್ಲು ನಡೆದ ಆರನೆಯದು. ಮರದಲ್ಲಿ ಅಡಿಕೆ ಕಂಡಿದೆ, ಮಂಡಿಗೆ ಚೀಲ ಹೋಗಿದೆ, ಆದರೂ ಆ ವರ್ಷದ ಖರ್ಚನ್ನು ಆ ಫಸಲು ತುಂಬಿಲ್ಲ. ಮಗಳ ಮದುವೆ, ಮನೆ ಕಟ್ಟುವಿಕೆ, ಟ್ರ್ಯಾಕ್ಟರ್ ಕೊಳ್ಳುವಿಕೆಯಂಥ ದೊಡ್ಡ ಖರ್ಚುಗಳನ್ನು ‘ಅಡಿಕೆ ಬರುವ ವರ್ಷ’ಕ್ಕೆ ಇಟ್ಟುಕೊಳ್ಳುವ ಕುಟುಂಬಗಳು ಸಿಕ್ಕಿಬೀಳುವುದು ಇಲ್ಲಿಯೇ.

ಇದು ತೋಟದ ಲೆಕ್ಕವಷ್ಟೇ, ಮನೆಯದಲ್ಲ. ಇದೇ ಎರಡು ಎಕರೆಯ ಮೆಕ್ಕೆಜೋಳದಿಂದ ಖರ್ಚು ಕಳೆದು ವರ್ಷಕ್ಕೆ 40,000 ಬರುತ್ತಿತ್ತು ಎಂದರೆ ಆರು ವರ್ಷಕ್ಕೆ 2,40,000 ಮನೆಗೆ ಬರುವುದು ನಿಂತಿದೆ. ಅದನ್ನು ಪ್ರತ್ಯೇಕ ಕಂಬದಲ್ಲಿ ಕಳೆದರೆ ಆರನೇ ವರ್ಷದ ಕೊನೆಗೆ ಕುಟುಂಬ ತುಂಬಿಕೊಳ್ಳಬೇಕಾದ ಹಣ 9,07,000 ಆಗುತ್ತದೆ.

ಅಂಕಿಗಳನ್ನು ಒಂದೊಂದಾಗಿ ಅಲುಗಾಡಿಸಿ

ಬೆಳೆಗಾರರು ಸಹಜವಾಗಿ ಹೆದರುವುದು ದರ ಕುಸಿತಕ್ಕೆ. ಅದನ್ನೇ ಮೊದಲು ಪರೀಕ್ಷಿಸೋಣ. ದರ 40,000ದ ಬದಲು 30,000 ಆದರೆ, ಕೈಗೆ 22,000 ಸಿಕ್ಕರೆ, ತಳ ಏಳನೇ ವರ್ಷಕ್ಕೆ ಸರಿದು 7,15,000 ಆಗುತ್ತದೆ. ಹಾಕಿದ ಹಣ ಮರಳುವುದು ಹತ್ತನೇ ವರ್ಷದ ಬದಲು ಹನ್ನೆರಡನೇ ವರ್ಷಕ್ಕೆ. ಕಾಯುವಿಕೆ ಹೆಚ್ಚಿತು, ಆದರೆ ತಳ 48,000 ಮಾತ್ರ ಆಳವಾಯಿತು.

ಈಗ ದರವನ್ನು ಮೊದಲಿನಂತೆಯೇ ಇಟ್ಟು ಅಡಿಕೆಯ ಫಸಲನ್ನಷ್ಟೇ ಒಂದು ವರ್ಷ ಮುಂದಕ್ಕೆ ಸರಿಸಿ. ತಳ 8,17,000ಕ್ಕೆ ಇಳಿಯುತ್ತದೆ, ಅಂದರೆ ಒಂದೂವರೆ ಲಕ್ಷ ಹೆಚ್ಚು. ಫಸಲು ವೇಳೆಗೆ ಬಂದು, ಎರಡನೇ ವರ್ಷದ ಬಾಳೆ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಗೊನೆ ಸಹಿತ ನೆಲಕಚ್ಚಿದರೆ 8,27,000. ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಹೊಸದಕ್ಕೆ ಎರಡು ಲಕ್ಷ ಹಾಕಬೇಕಾದರೆ 8,67,000. ತಳಕ್ಕೆ ಮುಂಚಿನ ಪ್ರತಿ ರೂಪಾಯಿಯ ನಷ್ಟ ನೇರವಾಗಿ ತಳಕ್ಕೇ ಸೇರುವುದರಿಂದ, ತೋಟ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಅಡಿಕೆಯ ದರಕ್ಕಿಂತ ನೀರು, ಬಾಳೆ ಮತ್ತು ಗಿಡದ ಬೆಳವಣಿಗೆಯೇ ಹೆಚ್ಚು ಮುಖ್ಯ.

ಇವು ಒಂದೊಂದಾಗಿಯೇ ಬರುತ್ತವೆ ಎಂದೂ ನಂಬುವಂತಿಲ್ಲ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿ ಬತ್ತುತ್ತದೆ, ನೀರಿಲ್ಲದ ಗಿಡ ಹಿಂದೆ ಬೀಳುತ್ತದೆ, ಫಸಲು ತಡವಾಗುತ್ತದೆ. ಕೊಳವೆಬಾವಿ ಮತ್ತು ಒಂದು ವರ್ಷದ ವಿಳಂಬ ಎರಡನ್ನೂ ಒಟ್ಟಿಗೆ ಹಾಕಿದರೆ ತಳ 10,17,000. ಬಯಲು ಸೀಮೆಯ ತೋಟಕ್ಕೆ ನಾನು ಈ ಜೋಡಿ ಸಂದರ್ಭವನ್ನೇ ಸಿದ್ಧತೆಯ ಅಳತೆಯಾಗಿ ಇಟ್ಟುಕೊಳ್ಳಿ ಎನ್ನುತ್ತೇನೆ. ಅಷ್ಟು ಹಣದ ದಾರಿ ಕಾಣದಿದ್ದರೆ ಎರಡು ಎಕರೆಯನ್ನು ಒಟ್ಟಿಗೆ ಹಾಕದೆ, ಈಗ ಒಂದು ಎಕರೆ ಹಾಕಿ ಇನ್ನೊಂದರಲ್ಲಿ ಮೆಕ್ಕೆಜೋಳ ಮುಂದುವರಿಸುವುದು ಹೆಚ್ಚು ಭದ್ರ.

ಕೂಲಿಯ ಏರಿಕೆಯನ್ನೂ ಒಮ್ಮೆ ಹಾಕಿ ನೋಡಬೇಕು. ಮೇಲಿನ ಪಟ್ಟಿಯಲ್ಲಿ ಎಲ್ಲವೂ ಇಂದಿನ ಬೆಲೆಯಲ್ಲಿವೆ. ಎರಡನೇ ವರ್ಷದಿಂದ ಖರ್ಚು ವರ್ಷಕ್ಕೆ ಶೇ. 7ರಂತೆ ಏರುತ್ತದೆ, ಅಡಿಕೆ ಮತ್ತು ಬಾಳೆಯ ದರ ಏರುವುದಿಲ್ಲ ಎಂಬ ಕಠಿಣ ಊಹೆಯಲ್ಲಿ ತಳ ಏಳನೇ ವರ್ಷಕ್ಕೆ ಸುಮಾರು 8,58,000 ಆಗುತ್ತದೆ.

ಸಾಲ ತೆಗೆಯುವುದಾದರೆ

ಮೊದಲ ವರ್ಷದ ನಾಲ್ಕು ಲಕ್ಷವನ್ನು ಬ್ಯಾಂಕಿನಿಂದ ಶೇ. 10ರ ಬಡ್ಡಿಗೆ ತಂದರೆ ಹಾಳೆಯ ಆರಂಭ ಬಹಳ ಹಗುರವಾಗಿ ಕಾಣುತ್ತದೆ. ಮೊದಲ ಐದು ವರ್ಷ ಮೊರಟೋರಿಯಂ, ಅಂದರೆ ಕಂತು ಕಟ್ಟಬೇಕಿಲ್ಲ, ಬಡ್ಡಿ ಅಸಲಿಗೆ ಸೇರುತ್ತದೆ, ಆರನೇ ವರ್ಷದಿಂದ ಐದು ಸಮಾನ ಕಂತುಗಳು ಎಂದಿಟ್ಟುಕೊಳ್ಳಿ. ಐದು ವರ್ಷದ ಕೊನೆಗೆ ಸಾಲ 6,44,204 ಆಗಿರುತ್ತದೆ. ಕಂತನ್ನು ಹಾಳೆಯಲ್ಲೇ ಲೆಕ್ಕ ಹಾಕಬಹುದು:

```
=PMT(10%,5,-644204)
```

ಉತ್ತರ ವರ್ಷಕ್ಕೆ ಸುಮಾರು 1,70,000. ಇದನ್ನು ಆರರಿಂದ ಹತ್ತನೇ ವರ್ಷದವರೆಗಿನ ಖರ್ಚಿಗೂ, ನಾಲ್ಕು ಲಕ್ಷವನ್ನು ಮೊದಲ ವರ್ಷದ ಆದಾಯಕ್ಕೂ ಸೇರಿಸಿದರೆ ತಳ ಎಂಟನೇ ವರ್ಷಕ್ಕೆ ಹೋಗಿ 5,75,000ದಲ್ಲಿ ನಿಲ್ಲುತ್ತದೆ. ನಾಲ್ಕು ಲಕ್ಷ ಸಾಲ ಪಡೆದರೂ ಕೈಯಿಂದ ಹಾಕಬೇಕಾದ ಹಣ ಕಡಿಮೆಯಾದದ್ದು ಬರೇ 92,000. ಆರು, ಏಳು ಮತ್ತು ಎಂಟನೇ ವರ್ಷಗಳಲ್ಲಿ ಖರ್ಚು ಕಳೆದು ಉಳಿಯುವ ತೋಟದ ಆದಾಯ ಕಂತಿಗೆ ಸಾಲುವುದಿಲ್ಲ, ಕೊರತೆ ಬೇರೆ ಕಡೆಯಿಂದಲೇ ಬರಬೇಕು.

ಅದೇ ಸಾಲಕ್ಕೆ ಮೊರಟೋರಿಯಂ ಏಳು ವರ್ಷವಾಗಿದ್ದರೆ ಕಂತು ಸುಮಾರು 2,06,000ಕ್ಕೆ ಏರುತ್ತದೆ, ಒಟ್ಟು ಮರುಪಾವತಿ ಸುಮಾರು 1,80,000ದಷ್ಟು ಹೆಚ್ಚುತ್ತದೆ, ಆದರೆ ತಳ 2,71,000ಕ್ಕೆ ಇಳಿಯುತ್ತದೆ. ಬ್ಯಾಂಕಿನ ಮೇಜಿನ ಎದುರು ಕುಳಿತಾಗ ಹೆಚ್ಚಿನವರು ಸಾಲದ ಮೊತ್ತಕ್ಕೆ ಮತ್ತು ಬಡ್ಡಿ ದರಕ್ಕೆ ಹೋರಾಡುತ್ತಾರೆ; ಅಡಿಕೆಯಂಥ ಬೆಳೆಗೆ ಕಂತು ಯಾವ ವರ್ಷ ಆರಂಭವಾಗುತ್ತದೆ ಎಂಬುದಕ್ಕೆ ಅಷ್ಟೇ ಹಟ ಹಿಡಿಯಬೇಕು. ಮೊರಟೋರಿಯಂನಲ್ಲಿ ಬಡ್ಡಿ ಅಸಲಿಗೆ ಸೇರುತ್ತದೆಯೋ, ವರ್ಷವರ್ಷವೂ ಕಟ್ಟಬೇಕೋ ಎಂಬುದನ್ನು ಬರಹದಲ್ಲಿ ಕೇಳಿಕೊಳ್ಳಿ. ಕಟ್ಟಬೇಕಾದರೆ ಫಸಲಿಲ್ಲದ ಪ್ರತಿ ವರ್ಷದ ಸಾಲಿಗೂ 40,000 ಸೇರಿಸಬೇಕಾಗುತ್ತದೆ.

ಐದನೇ ವರ್ಷದಿಂದ ತಿಂಗಳ ಲೆಕ್ಕ

ತಳದ ಹತ್ತಿರದ ವರ್ಷಗಳಿಗೆ ವಾರ್ಷಿಕ ಸಾಲು ಸಾಕಾಗುವುದಿಲ್ಲ. ಬಯಲು ಭಾಗದಲ್ಲಿ ಕೊಯ್ಲು ಸುಮಾರು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಮೂರು-ನಾಲ್ಕು ಸಲ ನಡೆಯುತ್ತದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರರ ಮತ್ತು ಸುಲಿಯುವವರ ಕೂಲಿ ಮೊದಲು ಹೋಗುತ್ತದೆ. ಬೇಯಿಸಿ ಒಣಗಿಸಿ ಮಂಡಿಗೋ, ತುಮ್‌ಕೋಸ್ ಅಥವಾ ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘಕ್ಕೋ ಸಾಗಿಸಿ ಮಾರಿದ ಮೇಲೆಯೇ ಹಣ ಬರುತ್ತದೆ. ಮುಂಗಾರಿನ ಗೊಬ್ಬರ ಜೂನ್‌ನಲ್ಲೇ ಬೇಕು. ಹೀಗಾಗಿ ಸಾಲದ ಕಂತಿನ ದಿನಾಂಕವನ್ನು ಜೂನ್-ಜುಲೈಗೆ ಬಿಡದೆ ಜನವರಿ ಅಥವಾ ಫೆಬ್ರವರಿಗೆ ಹಾಕಿಸಿಕೊಳ್ಳಬೇಕು.

ಮೊದಲ ಎರಡು ಫಸಲುಗಳನ್ನು ಖೇಣಿಗೆ ಕೊಡುವುದು ಹಲವರ ರೂಢಿ. ಮೂರು ಕ್ವಿಂಟಲ್ಲಿಗಾಗಿ ಹಂಡೆ, ಒಲೆ, ಒಣಗಿಸುವ ಅಂಕಣಕ್ಕೆ ಹಣ ಹಾಕುವುದು ತಳದ ವರ್ಷದಲ್ಲಿ ಭಾರವೇ. ಖೇಣಿಯಲ್ಲಿ ಮುಂಗಡ ಸಿಗುವುದರಿಂದ ಹಣ ಕೆಲವು ತಿಂಗಳು ಮೊದಲೇ ಕೈಗೆ ಬರುತ್ತದೆ. ಅದಕ್ಕೆ ಬದಲಾಗಿ ಬಿಟ್ಟುಕೊಡುವ ಮೊತ್ತ ಎಷ್ಟು ಎಂಬುದನ್ನು ಮೇಲಿನ 32,000ದ ಅಂಕಿಯೊಂದಿಗೆ ಹೋಲಿಸಿ ನಿರ್ಧರಿಸಿ.

ಪ್ರತಿ ವರ್ಷ ಮಾರ್ಚ್‌ನಲ್ಲಿ ತೋಟದಲ್ಲಿ ನಡೆದು ಹೊಂಬಾಳೆ ಬಿಟ್ಟ ಮರಗಳನ್ನು ಸಾಲುವಾರು ಎಣಿಸಿ ಬರೆದುಕೊಳ್ಳಿ. ಮುಂದಿನ ಕೊಯ್ಲಿನ ಅಡಿಕೆ ಅದರಲ್ಲೇ ಇರುವುದರಿಂದ ಅರ್ಧ ವರ್ಷ ಮೊದಲೇ ಆದಾಯದ ಸಾಲನ್ನು ತಿದ್ದಬಹುದು. ಐದನೇ ವರ್ಷದ ಮಾರ್ಚ್‌ನಲ್ಲಿ 400ರ ಬದಲು 150 ಮರಗಳಲ್ಲಿ ಮಾತ್ರ ಹೊಂಬಾಳೆ ಕಂಡರೆ ಆರನೇ ವರ್ಷದ 96,000ವನ್ನು 36,000ಕ್ಕೆ ಇಳಿಸಿ, ಮುಂದಿನ ಸಾಲುಗಳನ್ನೂ ಒಂದು ವರ್ಷ ಸರಿಸಿ ಹೊಸ ತಳವನ್ನು ನೋಡಿ. ಕಂತು ಆರಂಭವಾಗಲು ಇನ್ನೂ ತಿಂಗಳುಗಳಿರುವಾಗಲೇ ಆ ಎಣಿಕೆಯ ಹಾಳೆಯೊಂದಿಗೆ ಬ್ಯಾಂಕಿಗೆ ಹೋಗಿ ಮರುಹೊಂದಾಣಿಕೆ ಕೇಳಬೇಕು. ಒಂದು ಕಂತು ತಪ್ಪಿದ ಮೇಲೆ ಅದೇ ಮಾತು ಕಷ್ಟವಾಗುತ್ತದೆ.